ಗಂಗಲಕ್ಷ್ಮಮ್ಮ ಬೆಂಡೆಕಾಯಿ ಕಾಯುವ ಹೊತ್ತು

ಧನುಶ್ರೀಯ ನಿಶ್ಚಿತಾರ್ಥದ ಊಟದಲ್ಲಿ ಹುಡುಗನ ತಂದೆ ತಿಮ್ಮಯ್ಯನವರು ಕೈ ಎತ್ತಿ "ಸಾಕು ಸಾಕು" ಎಂದಾಗ ಕೈಯ ಜೊತೆ ಬೆಂಡೆಕಾಯಿಯೂ ಎದ್ದಿತು. ಪೂರ್ತಿ ಬೆಂಡೆಕಾಯಿಯಲ್ಲ, ಅದರಿಂದ ಹೊರಟ ಒಂದು ಎಳೆ. ಎಲೆಯಿಂದ ಬೆರಳಿಗೆ, ಬೆರಳಿಂದ ಮೀಸೆಗೆ. ಅವರು ಮೀಸೆ ಒರೆಸಲು ಹೋದರು. ಎಳೆ ಎರಡಾಯಿತು. ಪಕ್ಕದಲ್ಲಿ ಕೂತಿದ್ದ ಪುರೋಹಿತರ ಶಲ್ಯ ಅದರಲ್ಲೊಂದರ ತುದಿಯನ್ನು ಹಿಡಿದುಕೊಂಡಿತು. ಕನಕಪುರದ ಕಡೆಯಿಂದ ಬಂದಿದ್ದ ಅಷ್ಟೂ ಜನ ಉಣ್ಣುವುದನ್ನು ಬಿಟ್ಟು ನೋಡತೊಡಗಿದರು. ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುತ್ತಿತ್ತು, ಎಳೆ ಮಿನುಗುತ್ತಿತ್ತು. ನಿಜ ಹೇಳಬೇಕೆಂದರೆ ನೋಡಲು ಚೆನ್ನಾಗಿಯೇ ಇತ್ತು.

"ಸಂಬಂಧ ಗಟ್ಟಿಯಾಯ್ತು ಬುಡಿ, ಈಗ್ಲೇ ಅಂಟ್ಕಂಡೈತೆ" ಎಂದು ಯಾರೋ ಹಿಂದಿನಿಂದ ಕೂಗಿದರು.

ತಿಮ್ಮಯ್ಯನವರು ನಕ್ಕರು. ನಕ್ಕೇ ಹೇಳಿದರು: "ಮದ್ವೆ ದಿನಕ್ಕಾದ್ರೂ ಒಸಿ ಗರಿಗರಿ ಬೆಂಡೆಕಾಯ್ ಹಾಕ್ಸಿ ಅಶ್ವಥ್ನವ್ರೇ. ನಂಟು ಅಂಟ್ಲಿ, ಪಲ್ಯ ಬ್ಯಾಡ."

ಅಶ್ವಥ್ ಹುಡುಗಿಯ ತಂದೆ. ಬೈರಾಪಟ್ಟಣದಲ್ಲಿ ತೋಟ, ಚನ್ನಪಟ್ಟಣದಲ್ಲಿ ಗೊಬ್ಬರದ ಅಂಗಡಿ. ನಗುತ್ತಾ ಹೇಳಿದ ಮಾತು ಬೈದು ಹೇಳಿದ್ದಕ್ಕಿಂತ ಹೆಚ್ಚು ದಿನ ಉರಿಯುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ಎಲೆ ಎತ್ತುವ ಮೊದಲೇ ಅಡುಗೆಯವನನ್ನು ಬೆಂಡೆತ್ತಿದ. ಆಮೇಲೆ, ಊಟದ ಮನೆಯ ಮೂಲೆಯಲ್ಲಿ ವೀಳ್ಯದೆಲೆ ಒರೆಸುತ್ತಾ ಕೂತಿದ್ದ ತನ್ನ ಅಕ್ಕನ ಹತ್ತಿರ ಬಂದು ನಿಂತ.

"ಅಕ್ಕಾ, ಮದ್ವೇಲಿ ಬೆಂಡೆಕಾಯ್ ಒಂದನ್ನ ನೀನು ಮಾಡ್ತೀಯಾ?"

ಅಕ್ಕ ತಲೆ ಎತ್ತಲಿಲ್ಲ. "ಎಷ್ಟು ಜನಕ್ಕೆ?"

"ಮುನ್ನೂರೈವತ್ತು."

"ಮೂವತ್ತು ಕೇಜಿ ಎಳೇದು ಕೊಡ್ಸು. ಹಮೀದಾನ ಕರೀತೀನಿ. ನಾ ಹೇಳೋವರ್ಗೂ ಯಾರೂ ಕಾಯಿ ಮುಟ್ಬಾರ್ದು."

ಅಷ್ಟೇ. ಆ ಅಕ್ಕನೇ ಗಂಗಲಕ್ಷ್ಮಮ್ಮ.

ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದೊಂದು ಮೆಸ್ಸಿದೆ. ಅದರ ಮಹಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಕಾಲೇಜು ಮೇಷ್ಟ್ರು ನಾನು. ಗಂಡ ತೀರಿಕೊಂಡಾಗ ಅವರಿಗೆ ಮೂವತ್ತಾರು. ಮೂರನೇ ತಿಂಗಳಿಗೆ ಮುಂದಿನ ಕೋಣೆಯಲ್ಲಿ ನಾಲ್ಕು ಬೆಂಚು ಹಾಕಿ, ಸ್ಲೇಟಿನ ಮೇಲೆ 'ಊಟ ಇದೆ' ಎಂದು ಬರೆದು ನೇತುಹಾಕಿದರು. ಹದಿನಾಲ್ಕು ವರ್ಷದಿಂದ ಊಟ ಇದೆ. ಊರೆಲ್ಲ ಅವರ ಕೈರುಚಿ ಹೊಗಳುತ್ತದೆ, ಅವರ ಮನೆಯವರನ್ನು ಬಿಟ್ಟು. ನೆಂಟರಲ್ಲಿ ಅವರು 'ಮೆಸ್ಸಿನೋಳು'. ಮದುವೆ, ನಾಮಕರಣ, ಗೃಹಪ್ರವೇಶ ಯಾವುದೇ ಇರಲಿ, ಅಡುಗೆಗೆ ಹೊರಗಿನವರು ಬರುತ್ತಿದ್ದರು. ಮನೆಮಗಳಾದ ಗಂಗಲಕ್ಷ್ಮಮ್ಮ ಮೂಲೆಯಲ್ಲಿ ಕೂತು ವೀಳ್ಯದೆಲೆ ಒರೆಸುತ್ತಿದ್ದರು. ಗಂಡ ಇಲ್ಲದವಳು ಶುಭದ ಒಲೆ ಹಚ್ಚಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೇ ಬೀಳದಂತೆ ನಡೆದುಕೊಂಡಿದ್ದರು. ಈಗ ಮೊದಲ ಸಲ ಒಂದು ಬಾಣಲೆ ಅವರ ಪಾಲಿಗೆ ಬಂದಿತ್ತು. ಅದು ಕೆಟ್ಟರೆ ಮತ್ತೆ ವೀಳ್ಯದೆಲೆ, ಈ ಸಲ ಜೀವಮಾನಕ್ಕೆ.

ನಾನು ಓದಿದ್ದು ರಾಮನಗರದ ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರು ಬೆಂಡೆಕಾಯಿಗೆ 'ಲೇಡೀಸ್ ಫಿಂಗರ್' ಎಂದು ಕಲಿಸಿದ್ದರು. ಯಾವ ಲೇಡಿ, ಬೆರಳು ಯಾರತ್ತ ಎಂದು ಕೇಳಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ದರು. ಉತ್ತರ ಸಿಕ್ಕಿದ್ದು ನಲವತ್ತು ವರ್ಷದ ಮೇಲೆ, ನನ್ನ ಕೋಣೆಯ ಹಿಂದಿನ ಕಿಟಕಿಯಲ್ಲಿ.

ಕಿಟಕಿಯ ಕೆಳಗೆ ಮೆಸ್ಸಿನ ಹಿತ್ತಲ ಜಗಲಿ. ಬೆಳಿಗ್ಗೆ ಹತ್ತಕ್ಕೆ ಅಲ್ಲಿ ಹಳೆಯ ಕಾಟನ್ ಸೀರೆಯೊಂದು ಹರಡಿಕೊಳ್ಳುತ್ತದೆ. ಹಿಂದಿನ ದಿನ ಸಂಜೆಯೇ ಬೆಂಡೆಕಾಯಿಯನ್ನು ಇಡಿಯಾಗಿ ತೊಳೆದು, ಒಂದೊಂದನ್ನೂ ಮಗುವಿನ ಕೈಬೆರಳಿನಂತೆ ಒರೆಸಿ, ಗಾಳಿಗಿಟ್ಟಿರುತ್ತಾರೆ. ಬೆಳಿಗ್ಗೆ ಹಮೀದಾ ಬಂದು ಹೆಚ್ಚುತ್ತಾಳೆ. ಹಮೀದಾ ಮೊದಲು ಬಣ್ಣದ ಮಣಿ ಕಡೆಯುವ ಕಾರ್ಖಾನೆಯಲ್ಲಿದ್ದವಳು. ಸಾವಿರ ಮಣಿ ಕಡೆದರೂ ಒಂದರ ಪಕ್ಕ ಒಂದಿಟ್ಟರೆ ಅವಳಿಜವಳಿ. ಆ ಕಣ್ಣು ಈಗ ಬೆಂಡೆಕಾಯಿಯ ಮೇಲೆ. ಒಣ ಮಣೆ, ಒಣ ಚಾಕು, ಒಣ ಕೈ. ಕಿರುಬೆರಳಿನ ಅರ್ಧ ಅಗಲಕ್ಕೆ ಒಂದೊಂದು ಬಿಲ್ಲೆ.

"ದಪ್ಪ ಹೆಚ್ಚಿದ್ರೆ ಒಳಗೆ ಲೋಳೆ ಉಳ್ಕೋತದೆ, ತೆಳ್ಳಗೆ ಹೆಚ್ಚಿದ್ರೆ ಸೀದು ಹೋಗ್ತದೆ" ಎಂದು ಹಮೀದಾ ಒಮ್ಮೆ ನನಗೆ ಹೇಳಿದ್ದಳು. "ಒಂದು ದಪ್ಪ ಒಂದು ತೆಳ್ಳಗೆ ಹೆಚ್ಚಿದ್ರಲ್ಲಾ ಸಾರ್, ಒಂದೇ ಬಾಣಲೇಲಿ ಎರಡೂ ಆಗ್ತದೆ."

ಬಿಲ್ಲೆಗಳು ಸೀರೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿಕೊಳ್ಳುತ್ತವೆ. ಐದು ಮೂಲೆಯ ಹಸಿರು ಚಕ್ರಗಳು, ನಡುವೆ ಮುತ್ತಿನಂಥ ಬೀಜ. ಆಮೇಲೆ ಏನೂ ನಡೆಯುವುದಿಲ್ಲ. ಈ ಏನೂ ನಡೆಯದಿರುವುದೇ ಎಲ್ಲಕ್ಕಿಂತ ಮುಖ್ಯ. ಬೇವಿನ ನೆರಳು ಸೀರೆಯ ಅಂಚಿನಿಂದ ನೆರಿಗೆಗೆ ಸರಿಯುತ್ತದೆ. ಕೊಯ್ದ ಜಾಗದಲ್ಲಿ ಮಿನುಗುತ್ತಿದ್ದ ಲೋಳೆಯ ಹನಿ ಮೆಲ್ಲಗೆ ಮಂಕಾಗಿ, ಪೊರೆಯಾಗಿ, ಇಲ್ಲವಾಗುತ್ತದೆ. ಬಸ್‌ಸ್ಟ್ಯಾಂಡಿನಿಂದ 'ಮಾಗಡಿ ಮಾಗಡಿ ಮಾಗಡಿ' ಎನ್ನುವ ಕೂಗು ಜೋಗುಳದಂತೆ ತೇಲಿಬರುತ್ತದೆ. ಮತ್ತು ಸೀರೆಯ ತಲೆಯ ಕಡೆ, ಬಿಳಿಚಿದ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮಡಿಲಲ್ಲಿ ಕೈಯಿಟ್ಟುಕೊಂಡು ಗಂಗಲಕ್ಷ್ಮಮ್ಮ ಕೂತಿರುತ್ತಾರೆ. ಅಲುಗುವುದಿಲ್ಲ. ಕಣ್ಣು ಅರೆತೆರೆದು ಬೆಂಡೆಕಾಯಿಯ ಮೇಲೆ ನೆಟ್ಟಿರುತ್ತದೆ. ಎರಡು ಗಂಟೆ.

ಆ ಹೊತ್ತಿನಲ್ಲಿ ಅವರನ್ನು ಮಾತಾಡಿಸುವಂತಿಲ್ಲ. ಹಾಲಿನವನು ಬಂದರೂ ಹಮೀದಾ ತುಟಿಯ ಮೇಲೆ ಬೆರಳಿಡುತ್ತಾಳೆ. "ಕಾಯಿ ಕಾಯ್ತಾವ್ರೆ, ಆಮೇಲೆ ಬಾ." ಮೊದಲು ಕಾಯಿ ಕಾಯಬೇಕು, ಆಮೇಲೆ ಎಣ್ಣೆ ಕಾಯಬೇಕು, ಅಲ್ಲಿಯವರೆಗೆ ನಾವು ಕಾಯಬೇಕು. ಕನ್ನಡ ಎಂಥ ಹಸಿವಿನ ಭಾಷೆ ಎಂದು ನಾನು ಕಿಟಕಿಯಲ್ಲಿ ನಿಂತು ಯೋಚಿಸುತ್ತಿದ್ದೆ. ಅವರೇನು ಯೋಚಿಸುತ್ತಾರೆ ಎನ್ನುವುದು ಮಾತ್ರ ಹೊಳೆಯುತ್ತಿರಲಿಲ್ಲ. ತೀರಿಹೋದ ಗಂಡನನ್ನೇ? ಬೈರಾಪಟ್ಟಣದ ತೋಟದಲ್ಲಿ ಬೆಂಡೆ ಕಿತ್ತ ಬಾಲ್ಯವನ್ನೇ? ಇದು ಒಂದು ಬಗೆಯ ತಪಸ್ಸು ಎಂದು ತೀರ್ಮಾನಿಸಿ, ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಹೇಳಿ, ಮೆಸ್ಸಿನ ಗಿರಾಕಿಗಳಿಗೂ ಹೇಳಿ, ಕೊನೆಗೆ ಊರಿಗೇ ಹರಡಿದ್ದೆ. ಮೊದಲು ವಾರಕ್ಕೆರಡು ದಿನ ಇದ್ದ ಬೆಂಡೆಕಾಯಿ ಈಚೆಗೆ ನಾಲ್ಕು ದಿನವಾಗಿತ್ತು. ತಪಸ್ಸು ಉಗ್ರವಾಗುತ್ತಿದೆ ಎಂದುಕೊಂಡಿದ್ದೆ.

ಮದುವೆಯ ದಿನ ಬೆಳಿಗ್ಗೆ ಎಂಟಕ್ಕೆ ನಾನು ಛತ್ರದ ತಾರಸಿ ಹತ್ತಿದೆ. ಹಿಂದಿನ ಸಂಜೆ ತೊಳೆದು ಒರೆಸಿದ ಮೂವತ್ತು ಕೇಜಿ ಬೆಂಡೆಯನ್ನು ಹಮೀದಾ ಮತ್ತು ನಾಲ್ವರು ಹೆಂಗಸರು ಆರು ಗಂಟೆಯಿಂದ ಹೆಚ್ಚಿ ಮುಗಿಸಿದ್ದರು. ಶಾಮಿಯಾನದ ನೆರಳಲ್ಲಿ ಹತ್ತು ಬೆಡ್‌ಶೀಟು. ಹತ್ತರ ಮೇಲೂ ಹಸಿರು. ಎಲ್ಲೋ ವಾಲಗ ಶುರುವಾಗಿ, ನಿಂತು, ಮತ್ತೆ ಶುರುವಾಗುತ್ತಿತ್ತು. ಗಂಗಲಕ್ಷ್ಮಮ್ಮ ಹೊಸ ಸೀರೆಯುಟ್ಟು, ಛತ್ರದ ಕೆಂಪು ಕುರ್ಚಿಯಲ್ಲಿ, ಅದೇ ಭಂಗಿಯಲ್ಲಿ ಕೂತಿದ್ದರು. ಹಮೀದಾ ಒಲೆ ಬಾಣಲೆ ನೋಡಿಕೊಳ್ಳಲು ಕೆಳಗೆ ಹೋಗಿದ್ದಳು. ನಾನು ಕಾಫಿ ಕುಡಿಯಲು ಇಳಿದೆ.

ಆಗ ತಾರಸಿಗೆ ಬಂದವರು ಸಿದ್ದಮ್ಮ. ಮನೆಯ ಹಿರಿಯ ಸೋದರತ್ತೆ, ಎಂಬತ್ತರ ಹತ್ತಿರ. ಮದುವೆ ಮನೆಯಲ್ಲಿ ಮಲ್ಲಿಗೆ ದಿಂಡು, ವೀಳ್ಯದೆಲೆ, ಬಾಳೆಎಲೆ ಬಾಡದಂತೆ ಒದ್ದೆ ಬಟ್ಟೆ ಹೊದಿಸುವುದು ಐವತ್ತು ವರ್ಷದಿಂದ ಅವರ ಕೆಲಸ. ಯಾರೂ ವಹಿಸಿದ್ದಲ್ಲ, ಯಾರೂ ಕಸಿದುಕೊಳ್ಳುವಂಥದ್ದೂ ಅಲ್ಲ. ಹೂವಿಗೆ ಹೊದಿಸಿ ಮುಗಿಸಿ, ಉಳಿದ ಒದ್ದೆ ಪಂಚೆಗಳ ಬಕೆಟ್ಟನ್ನು ಯಾರ ಕೈಲೋ ಹೊರಿಸಿಕೊಂಡು ಮೇಲೆ ಬಂದವರು, ಹತ್ತು ಬೆಡ್‌ಶೀಟಿನ ಮೇಲೆ ಬಾಡುತ್ತಿರುವ ತರಕಾರಿಯನ್ನು ಕಂಡರು. ಅವರ ಎದೆ ಒಡೆಯಿತು.

ಮೊದಲು ಅರಿಶಿನದ ನೀರು ಚಿಮುಕಿಸಿದರು, ಶುಭಕ್ಕೆ. ಆಮೇಲೆ ಒಂದೊಂದರ ಮೇಲೂ ಒದ್ದೆ ಪಂಚೆ ಹೊದಿಸಿದರು, ತಂಪಿಗೆ. ಎಲ್ಲವೂ ಗಂಗಲಕ್ಷ್ಮಮ್ಮನ ಕಣ್ಣೆದುರಿಗೇ. ನಡುವೆ ಒಮ್ಮೆ "ಸರಿನೇನೇ ಗಂಗೂ?" ಎಂದು ಕೇಳಿದರಂತೆ. ಗಂಗಲಕ್ಷ್ಮಮ್ಮನ ತಲೆ ಒಮ್ಮೆ ಮುಂದಕ್ಕೆ ಬಾಗಿತಂತೆ. ಒಪ್ಪಿಗೆ ಸಿಕ್ಕಿತು ಎಂದು ಸಿದ್ದಮ್ಮ ಇಳಿದು ಬಂದರು.

ಮುಕ್ಕಾಲು ಗಂಟೆಯ ಮೇಲೆ ಹಮೀದಾ ಕಿರುಚಿದ್ದು ಮಂಟಪದವರೆಗೆ ಕೇಳಿತು.

"ಅರೆ ಅಲ್ಲಾ! ಅಕ್ಕಾ! ಏನಕ್ಕಾ ಇದು?"

ನಾನು ಓಡಿದೆ. ಅಶ್ವಥ್ ಪೇಟದಲ್ಲೇ ಓಡಿ ಬಂದ. ಹಮೀದಾ ಒಂದು ಪಂಚೆ ಎತ್ತಿದಳು. ಪಂಚೆಯ ಜೊತೆ ಬೆಂಡೆಕಾಯಿಯೂ ಎದ್ದಿತು. ಈ ಸಲ ಒಂದು ಎಳೆಯಲ್ಲ, ಮಗ್ಗದಷ್ಟು.

ಗಂಗಲಕ್ಷ್ಮಮ್ಮ ಕುರ್ಚಿಯಿಂದ ಎದ್ದು ನಿಂತಿದ್ದರು. ಯಾವುದೋ ದೂರದ ಊರಿನಿಂದ ಬಸ್ಸಿಳಿದವರಂತೆ ಸುತ್ತ ನೋಡಿದರು.

"ಯಾರು ಮಾಡಿದ್ದು?" ಎಂದ ಅಶ್ವಥ್.

"ನಾನೇ ಕಣ್ಲಾ" ಎಂದರು ಮೆಟ್ಟಿಲು ಹತ್ತಿ ಬಂದ ಸಿದ್ದಮ್ಮ. "ಒಣ್ಗೋಯ್ತಿತ್ತು. ಅವ್ಳನ್ನ ಕೇಳೇ ಮಾಡಿದ್ದು. ಹೂಂ ಅಂದ್ಲು."

ಅಶ್ವಥ್ ಅಕ್ಕನ ಮುಖ ನೋಡಿದ. "ಏನಕ್ಕಾ, ನೋಡ್ತಾ ಕೂತಿದ್ಯಲ್ಲ! ಒಂದ್ ಮಾತು ಬ್ಯಾಡ ಅನ್ನಕ್ಕಾಗ್ಲಿಲ್ವಾ?"

ಗಂಗಲಕ್ಷ್ಮಮ್ಮ ಸಿದ್ದಮ್ಮನನ್ನು ನೋಡಿದರು, ತಮ್ಮನನ್ನು ನೋಡಿದರು, ಬಗ್ಗಿ ಇನ್ನೊಂದು ಪಂಚೆಯ ಅಂಚು ಎತ್ತಿದರು. ನನ್ನ ಕಣ್ಣು ತುಂಬಿಬಂತು. ಹಿರಿಯರ ಮನಸ್ಸು ನೋಯಿಸಬಾರದೆಂದು ತನ್ನ ಮಾನವನ್ನೇ ಒದ್ದೆ ಪಂಚೆಯಡಿ ಮುಚ್ಚಲು ಬಿಟ್ಟರಲ್ಲ ಎಂದು, ಸಿಕ್ಕಿದ ನಾಲ್ಕು ಜನರಿಗೆ ಮೆಟ್ಟಿಲ ಮೇಲೇ ಹೇಳಿಬಿಟ್ಟೆ.

"ಅಂಗಡಿಯಿಂದ ಚಿಪ್ಸ್ ತರ್ಸ್‌ಬುಡ್ತೀನಿ" ಎಂದ ಅಶ್ವಥ್.

"ಗಂಟೆ ಎಷ್ಟು?" ಎಂದರು ಗಂಗಲಕ್ಷ್ಮಮ್ಮ.

"ಒಂಬತ್ತೂ ಮುಕ್ಕಾಲು. ಹನ್ನೆರಡೂ ಮುಕ್ಕಾಲಿಗೆ ಪಂಕ್ತಿ."

"ಬೀಗ್ರಿಗೆ ಮರ್ಯಾದೆಗೆ ಕೊಡಕ್ಕೆ ತಂದಿದ್ಯಲ್ಲ, ಆ ಟವೆಲ್ ಎಲ್ಲವೆ?"

"ಅಕ್ಕಾ, ಅವು ಹೊಸಾವು!"

"ಹೊಸಾವೇ ಬೇಕು. ಒಣಗಿರ್ತವೆ."

ಇನ್ನೂರು ಬಿಳಿ ಟವೆಲ್ ಊಟದ ಮನೆಯ ನೆಲದ ಮೇಲೆ ಹಾಸಿಕೊಂಡವು. ಬಾಗಿಲು ಹಾಕಿ, ಮೇಲಿನ ಹನ್ನೆರಡು ಫ್ಯಾನು, ಮೂಲೆಯ ನಾಲ್ಕು ಸ್ಟ್ಯಾಂಡ್ ಫ್ಯಾನು ತಿರುಗಿಸಿದರು. ಬಿಲ್ಲೆಗಳನ್ನು ಒಂದೊಂದು ಹಿಡಿಯಾಗಿ ತಂದು ಸುರಿದು, ಬೆರಳ ತುದಿಯಿಂದ ಬಿಡಿಸಿ ಹರಡಿ, ಮೇಲಿಂದ ಇನ್ನೊಂದು ಟವೆಲ್ ಇಟ್ಟು ಮೆಲ್ಲಗೆ ಒತ್ತಿ ತೆಗೆದರು. "ಉಜ್ಬ್ಯಾಡಿ, ಕಲೆಸ್ಬ್ಯಾಡಿ. ಕೈಯಾಡ್ಸಿದಷ್ಟೂ ಲೋಳೆ ಹೊರಡ್ತದೆ." ಸಿದ್ದಮ್ಮನೂ ಕೂತು ಒತ್ತಿದರು. ಯಾರೋ ಉಪ್ಪಿನ ಡಬ್ಬಿ ತಂದರೆ ಗಂಗಲಕ್ಷ್ಮಮ್ಮ ಹಾವು ಕಂಡವರಂತೆ ಹಿಂದೆ ಸರಿದರು. "ಎತ್ಲಾಗಾದ್ರೂ ತಕ್ಕಂಡೋಗು. ಈಗ ಉಪ್ಪು ಬಿದ್ರೆ ಒಳಗಿರೋ ನೀರೂ ಈಚೆಗೆ ಬತ್ತದೆ."

ಆಮೇಲೆ ಮತ್ತೆ ಆ ಏನೂ ನಡೆಯದ ಹೊತ್ತು. ಮೇಲೆ ಮುಹೂರ್ತದ ಗಟ್ಟಿಮೇಳ. ಕೆಳಗೆ ಬಿಳಿಯ ನೆಲದ ಮೇಲೆ ಸಾವಿರಾರು ಹಸಿರು ಚಕ್ರ, ಫ್ಯಾನಿನ ಗಾಳಿಗೆ ಅಂಚು ಏರುವ ಟವೆಲ್ಲು, ಹೆಂಗಸರ ಮುಡಿಯ ಮಲ್ಲಿಗೆಯ ಜೊತೆ ಬೆರೆತ ಹಸಿ ಬೆಂಡೆಯ ವಾಸನೆ. ಕೆರೆಯ ಮೇಲೆ ತೇಲುವ ಎಲೆಗಳನ್ನು ದಂಡೆಯಿಂದ ನೋಡಿದ ಹಾಗಿತ್ತು. ಎಲ್ಲರೂ ಪಿಸುಮಾತಿಗಿಳಿದರು. ಅಕ್ಷತೆಗೆ ಹೋಗಬೇಕಾದವರೂ ಹೋಗಲಿಲ್ಲ. ಈ ಸಲ ಗಂಗಲಕ್ಷ್ಮಮ್ಮ ಕೂರಲಿಲ್ಲ. ಕುರ್ಚಿ ತಂದುಕೊಟ್ಟರೂ ಬೇಡವೆಂದು, ಬರಿಗಾಲಲ್ಲಿ ಸಾಲಿನ ನಡುವೆ ಓಡಾಡಿದರು. ಹನ್ನೊಂದೂಕಾಲಿಗೆ ಒಂದು ಬಿಲ್ಲೆ ಎತ್ತಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಬಿಟ್ಟರು. ಅಂಟದೆ ಬಿತ್ತು.

"ಎಣ್ಣೆ ಇಡು ಹಮೀದಾ."

ಮೂರು ಬಾಣಲೆ, ಕಡಲೆಕಾಯಿ ಎಣ್ಣೆ. ಗಂಗಲಕ್ಷ್ಮಮ್ಮ ಒಂದು ಬಿಲ್ಲೆ ಹಾಕಿದರು. ತಳಕ್ಕೆ ಹೋಗಿ ಮುನಿಸಿಕೊಂಡು ಕೂತಿತು. "ಇನ್ನೂ ಇಲ್ಲ." ಎರಡು ನಿಮಿಷ ಬಿಟ್ಟು ಇನ್ನೊಂದು. ಅದು ಮುಳುಗಿದ್ದೇ ತಡ, ಸುತ್ತ ಗುಳ್ಳೆ ಕಟ್ಟಿಕೊಂಡು ಮೇಲೆದ್ದಿತು. "ಈಗ. ಹೊಗೆ ಬರೋ ಹಂಗೆ ಕಾಯಿಸ್ಬ್ಯಾಡ, ಮೇಲೆ ಕರಕಾಗಿ ಒಳ್ಗೆ ಹಸೀಗಿರ್ತದೆ."

ಪ್ರತಿ ಸಲಕ್ಕೂ ಎರಡು ಕೇಜಿ ಹಾಕಬೇಕೆಂದಿದ್ದವರು ಒಂದೂವರೆಗೆ ಇಳಿಸಿದರು. ಒದ್ದೆ ಇನ್ನೂ ಒಸಿ ಉಳಿದಿದೆ, ಹೆಚ್ಚು ಹಾಕಿದರೆ ಎಣ್ಣೆ ತಣ್ಣಗಾಗಿ ಕರಿಯುವ ಬದಲು ಬೇಯುತ್ತದೆ ಎಂದರು. ಆರೇಳು ನಿಮಿಷದ ಕೆಲಸ ಹತ್ತು ನಿಮಿಷವಾಯಿತು. ಮೊದಲು ಮಳೆ ಸುರಿದ ಸದ್ದು, ಗುಳ್ಳೆಯೋ ಗುಳ್ಳೆ. ಬರಬರುತ್ತಾ ಸದ್ದು ಸಣ್ಣದಾಗಿ, ಗುಳ್ಳೆ ಕಮ್ಮಿಯಾಗಿ, ಸಟ್ಟುಗ ತಾಗಿದರೆ ಒಣ ಎಲೆಯಂತೆ ಸರಸರ ಎಂದಿತು. ಹಸಿರಿಗೆ ಹೊಂಬಣ್ಣದ ಅಂಚು. "ತೆಗಿ!" ಜಾಲರಿಯಲ್ಲಿ ಎತ್ತಿ, ಎಣ್ಣೆ ಇಳಿಸಿ, ಕಾಗದ ಹಾಸಿದ ಮೊರಗಳಲ್ಲಿ ತೆಳ್ಳಗೆ ಹರಡಿದರು. ಸಿದ್ದಮ್ಮ ಅಭ್ಯಾಸಬಲದಿಂದ ಮುಚ್ಚಲು ಒಂದು ತಟ್ಟೆ ಎತ್ತಿಕೊಂಡರು. ಇಡೀ ಅಡುಗೆಮನೆ ಒಕ್ಕೊರಲಿನಿಂದ "ಅತ್ತೇ!" ಎಂದಿತು. ಬಿಸಿಯದನ್ನು ಮುಚ್ಚಿದರೆ ಹಬೆಯೇ ಸಾಕು, ಮತ್ತೆ ಮೆತ್ತಗಾಗಲು. ಸಿದ್ದಮ್ಮ ತಟ್ಟೆಯನ್ನು ಬೀಸಣಿಗೆ ಮಾಡಿಕೊಂಡು ಕೂತರು.

ಆರೇಳು ಕೇಜಿಯಷ್ಟು ಕೊನೆಗೂ ಬಿಡಿಸಿಕೊಳ್ಳದೆ ಉಂಡೆಕಟ್ಟಿತು. ಅದು ಗೊಜ್ಜಿಗೆ ಹೋಯಿತು. ಉಳಿದದ್ದಕ್ಕೆ, ಎಲೆಗೆ ಹೋಗುವ ಹೊತ್ತಿನಲ್ಲಿ, ಉಪ್ಪು ಖಾರದಪುಡಿ ಉದುರಿಸಿದರು.

ಹನ್ನೆರಡೂ ಐವತ್ತು. ಮೊದಲ ಪಂಕ್ತಿಯ ಮೊದಲ ಎಲೆ ತಿಮ್ಮಯ್ಯನವರದು. ಕಡೆಗೆ ಒಂದು ಸಣ್ಣ ಹಿಡಿ ಬೆಂಡೆಕಾಯಿ ಬಿತ್ತು. ಬಿದ್ದ ಸದ್ದು ಕೇಳಿಸಿತು. ಅವರು ಒಂದನ್ನು ಎತ್ತಿದರು. ಎಲೆ ಎಲೆಯಾಗಿಯೇ ಉಳಿಯಿತು, ಬೆರಳು ಬೆರಳಾಗಿ. ಬಾಯಿಗೆ ಹಾಕಿಕೊಂಡರು. ಅಶ್ವಥ್ ಕಂಬ ಹಿಡಿದು ನಿಂತಿದ್ದ. ಕರುಂ ಎಂದಿತು. ತಿಮ್ಮಯ್ಯನವರು ಕಣ್ಣು ಮುಚ್ಚಿದರು. ತೆರೆದು, ಕೈಯನ್ನು ಎಲ್ಲರಿಗೂ ಕಾಣುವಂತೆ ಮೇಲಕ್ಕೆತ್ತಿ, ಐದೂ ಬೆರಳು ಅಗಲಿಸಿ, ಹಿಂದೆ ಮುಂದೆ ತಿರುಗಿಸಿ ತೋರಿಸಿದರು. ಒಂದು ಎಳೆಯೂ ಇಲ್ಲ. ಕನಕಪುರದ ಕಡೆಯವರು ಚಪ್ಪಾಳೆ ತಟ್ಟಿದರು.

"ಇನ್ನೊಸಿ ಹಾಕಿ" ಎಂದರು. ಮೂರು ಸಲ ಎಂದರು.

ಕೈ ತೊಳೆದ ಮೇಲೆ ಒರೆಸಿಕೊಳ್ಳಲು ಅವರಿಗೆ ಸಿಕ್ಕಿದ್ದು ಬೆಂಡೆಯ ಹಸಿರು ಮಚ್ಚೆಯಿದ್ದ ಟವೆಲ್. ಅದನ್ನೇ ಹೆಗಲಿಗೆ ಹಾಕಿಕೊಂಡು "ಯಾರ್ ಮಾಡಿದ್ದು ಇದನ್ನ?" ಎಂದು ಕೇಳಿದರು.

"ನಮ್ಮಕ್ಕ" ಎಂದ ಅಶ್ವಥ್. ಸುತ್ತಲಿನ ನೆಂಟರನ್ನೆಲ್ಲ ಒಮ್ಮೆ ನೋಡಿ, ದನಿ ಏರಿಸಿದ. "ನಮ್ಮ ಸ್ವಂತ ಅಕ್ಕ. ಮುಂದಿನ ತಿಂಗ್ಳು ಮಾಗಡೀಲಿ ನಮ್ ಚಿಕ್ಕಪ್ಪನ ಮನೆ ಗೃಹಪ್ರವೇಶ. ಒಲೆ ಹಚ್ಚೋದ್ರಿಂದ ಹಿಡ್ದು ಎಲ್ಲಾ ಅಡುಗೇನೂ ಅವ್ಳದ್ದೇ."

ಚಿಕ್ಕಪ್ಪ ಅಲ್ಲೇ ಪಾಯಸ ಕುಡಿಯುತ್ತಿದ್ದರು. ಬೇಡ ಎನ್ನಲು ಬಾಯಿ ಖಾಲಿ ಇರಲಿಲ್ಲ.

ಗಂಗಲಕ್ಷ್ಮಮ್ಮನನ್ನು ಒಳಗಿನಿಂದ ಕರೆತಂದರು. ಬೆವರಿದ ಮುಖ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಹಮೀದಾಳ ಕೈ ಹಿಡಿದುಕೊಂಡೇ ಬಂದರು. ತಿಮ್ಮಯ್ಯನವರು ಕೈ ಮುಗಿದರು.

"ತಾಯಿ, ಈ ಮೇಷ್ಟ್ರು ಎಲ್ಲಾನೂ ಹೇಳಿದ್ರು" ಎಂದರು ನನ್ನತ್ತ ತೋರಿಸಿ. "ದೊಡ್ಡೋರ ಮನಸ್ಸು ನೋಯ್ಬಾರ್ದು ಅಂತ ಕಣ್ಣೆದುರ್ಗೇ ನೀರು ಹಾಕಿದ್ರೂ ಸುಮ್ನಿದ್ರಂತೆ. ದಿನಾ ಎರಡೆರಡು ಗಂಟೆ ಕಾಯಿ ಮುಂದೆ ತಪಸ್ಸಿಗೆ ಕೂತಂಗೆ ಕೂತಿರ್ತೀರಂತೆ. ಒಂದ್ ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡಿ. ಹಂಗೆ ಕೂತಾಗ ಮನಸ್ನಲ್ಲಿ ಏನು ನೋಡ್ತೀರಿ?"

ಸಿದ್ದಮ್ಮ ಬೀಸಣಿಗೆ ನಿಲ್ಲಿಸಿದರು. ನಾನು ಕಿಟಕಿಯಲ್ಲಿ ಕಳೆದ ಅಷ್ಟು ಬೆಳಗುಗಳ ಫಲ ಈಗ ಸಿಗುತ್ತದೆ ಎಂದು ಮುಂದಕ್ಕೆ ಬಾಗಿದೆ.

ಗಂಗಲಕ್ಷ್ಮಮ್ಮ ಹಮೀದಾಳನ್ನು ನೋಡಿದರು. ಹಮೀದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯತ್ತ ತಿರುಗಿದಳು.

"ನೋಡೋದೇನು ಬಂತು ಬೀಗ್ರೇ, ನಿದ್ದೆ ಮಾಡ್ತಿರ್ತೀನಿ" ಎಂದರು ಗಂಗಲಕ್ಷ್ಮಮ್ಮ. "ನಾಕು ಗಂಟೆಗೆ ಏಳೋಳು. ಬರೀ ಕೂತಿದ್ರೆ ಹತ್ತು ಜನ ಕೂಗ್ತಾರೆ, ಬೆಂಡೆಕಾಯ್ ಮುಂದೆ ಕೂತ್ರೆ ಒಬ್ರೂ ಎಬ್ಸಲ್ಲ."